ಹೆಲ್ಮೆಟ್ ಇಲ್ಲದ ಸವಾರ, ಬ್ರೇಕ್ ಹಿಡಿಯದ ಲಾರಿ

ಪ್ರಶ್ನೆ: ಕುಂಬಳೆಯಲ್ಲಿ ಬ್ರೇಕ್ ಹಿಡಿಯದೆ ಲಾರಿ ಹಿಂದಿನಿಂದ ಗುದ್ದಿತು. ಹೆಲ್ಮೆಟ್ ಇಲ್ಲದ ಸ್ಕೂಟರ್ ಸವಾರನ ತಲೆಗೆ ಪೆಟ್ಟು. ಪರಿಹಾರದ ಹೊಣೆ ತಪ್ಪಿಸಲು ಅಥವಾ ಇಳಿಸಲು ಮೂರು ವಾದಗಳಿವೆ: ವೊಲೆಂಟಿ, ಅಂದರೆ ಗಾಯಾಳು ಅಪಾಯಕ್ಕೆ ತಾನೇ ಒಪ್ಪಿದ್ದ ಎನ್ನುವುದು; ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್, ಅಂದರೆ ಅಜಾಗರೂಕತೆಯಲ್ಲಿ ಅವನದೂ ಪಾಲಿದೆ ಎನ್ನುವುದು; ಇನ್‌ಎವಿಟೇಬಲ್ ಆಕ್ಸಿಡೆಂಟ್, ಅಂದರೆ ಎಚ್ಚರ ವಹಿಸಿದರೂ ತಪ್ಪಿಸಲಾಗದ ಅನಿವಾರ್ಯ ಅಪಘಾತ ಎನ್ನುವುದು. ಲಾರಿಯವರಿಗೆ ಯಾವುದು ಸಿಗುತ್ತದೆ?

ಉತ್ತರ: ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್, ಅದೂ ಭಾಗಶಃ. ಹೆಲ್ಮೆಟ್ ಇದ್ದಿದ್ದರೆ ತಲೆಯ ಗಾಯ ಕಡಿಮೆಯಾಗುತ್ತಿತ್ತು ಎಂದು ಲಾರಿಯವರೇ ಸಾಬೀತು ಮಾಡಬೇಕು. ಸವಾರನ ಪಾಲು ಶೇ. 20 ಎಂದು ನ್ಯಾಯಾಲಯ ಇಟ್ಟುಕೊಂಡರೆ, 10 ಲಕ್ಷದ ಪರಿಹಾರ 8 ಲಕ್ಷಕ್ಕೆ ಇಳಿಯುತ್ತದೆ. ಕಾಲು ಮಾತ್ರ ಮುರಿದಿದ್ದರೆ ಕಡಿತವಿಲ್ಲ. ಹೆಲ್ಮೆಟ್ಟಿಗೂ ಕಾಲಿಗೂ ಏನು ಸಂಬಂಧ? ಪೊಲೀಸ್ ದಂಡ ಬೇರೆ ಮಾತು.

ವೊಲೆಂಟಿ ನಿಲ್ಲದು: ರಸ್ತೆಯ ಅಪಾಯ ತಿಳಿದಿದ್ದ ಮಾತ್ರಕ್ಕೆ ಇನ್ನೊಬ್ಬನ ಅಜಾಗರೂಕತೆಗೆ ಸವಾರ ಒಪ್ಪಿದಂತಲ್ಲ.

ಹೆಚ್ಚು ಜನ ಎಡವುವುದು ಮೂರನೆಯದರಲ್ಲಿ. ‘ಬ್ರೇಕ್ ಫೇಲ್’ ಅಂದರೆ ಸಾಲದು. ಸರ್ವಿಸ್ ಸರಿಯಾಗಿ ಮಾಡಿಸಿದ್ದರೂ ಕಣ್ಣಿಗೆ ಬೀಳದ ದೋಷವಿತ್ತೆಂದು ದಾಖಲೆ ಸಮೇತ ತೋರಿಸಬೇಕು. ಸವೆದ ಲೈನಿಂಗ್ ತಪಾಸಣೆಯಲ್ಲೇ ಸಿಗುವಂಥದ್ದು, ಹಾಗಾಗಿ ಅದು ಅನಿವಾರ್ಯ ಅಪಘಾತವಲ್ಲ.