ಜೋಡಿ ಸರಿ, ಷರತ್ತು ಎಲ್ಲಿ?

"ನಮಸ್ಕಾರ ಸರ್. ನಾನು ಡೋಂಬಿವಲಿಯಲ್ಲಿ ಹನ್ನೊಂದು-ಹನ್ನೆರಡನೇ ಕ್ಲಾಸಿನ ಹುಡುಗರಿಗೆ ಮ್ಯಾಥ್ಸ್ ಟ್ಯೂಶನ್ ತಗೋತೀನಿ. ಸಂಘದ ಪತ್ರಿಕೆಗೆ ಅಂತ 'ಕಾಂಪ್ಲೆಕ್ಸ್ ರೂಟುಗಳು ಯಾವತ್ತೂ ಜೋಡಿಯಾಗೇ ಬರ್ತವೆ' ಅನ್ನೋ ಲೇಖನ ಕಳಿಸಿದೀನಿ, ಎರಡು ರೂಟ್ ಗೊತ್ತಿದ್ರೆ ನಾಲ್ಕನೇ ಡಿಗ್ರಿ ಪಾಲಿನಾಮಿಯಲ್ ಕಟ್ಟೋದು ಹೇಗೆ ಅಂತಾನೂ ಅದರಲ್ಲೇ ಇದೆ. ಕನ್ನಡದಲ್ಲಿ ಬರೀತಿರೋದು ಇದೇ ಮೊದಲು. ಅಚ್ಚಿಗೆ ಆಗತ್ತಾ? ಎಲ್ಲಿ ತಪ್ಪಿದೆ ಅಂತ ನೇರವಾಗಿ ಹೇಳಿ, ಬೇಜಾರಿಲ್ಲ."

ನಮಸ್ಕಾರ. ಬೇಜಾರಿಲ್ಲ ಅಂದಿದೀರಲ್ಲ, ಹಾಗಾಗಿ ನೇರವಾಗೇ ಹೇಳ್ತೀನಿ, ಈಗಿರೋ ಹಾಗೆ ಅಚ್ಚಿಗೆ ಆಗಲ್ಲ. ಭಾಷೆ ಚೆನ್ನಾಗಿದೆ, ತೊಡಕಿಲ್ಲ, ತೊಂದರೆ ಇರೋದು ಲೆಕ್ಕದಲ್ಲಿ, ಅದೂ ಹೆಡ್ಡಿಂಗ್‌ನಿಂದಲೇ ಶುರು.

"ಯಾವತ್ತೂ ಜೋಡಿಯಾಗೇ" ಅಂತ ಬರೆದಿದೀರಿ. ಯಾವತ್ತೂ ಇಲ್ಲ ಸ್ವಾಮಿ. ಪಾಲಿನಾಮಿಯಲ್‌ನ ಕೋಎಫಿಶಿಯಂಟ್‌ಗಳೆಲ್ಲ ರಿಯಲ್ ಆಗಿದ್ರೆ ಮಾತ್ರ. ಈ ಮಾತು ನಿಮ್ಮ ಆರು ಪುಟದಲ್ಲಿ ಹುಡುಕಿದೆ, ಕೊನೇ ಪುಟದಲ್ಲಿ ಒಂದು ಕಡೆ "ಸಾಮಾನ್ಯವಾಗಿ ರಿಯಲ್" ಅಂತ ಸಿಕ್ತು, ಅಷ್ಟೇ. ನೀವೇ ತಗೊಂಡಿರೋ ಎರಡು ರೂಟ್ ನೋಡಿ, 1+2i ಮತ್ತು 3−i. ಇವೆರಡನ್ನೇ ಇಟ್ಕೊಂಡು (x−1−2i)(x−3+i) ಗುಣಿಸಿದ್ರೆ ಏನು ಬರತ್ತೆ? x² − (4+i)x + 5+5i. ಇದೂ ಪಾಲಿನಾಮಿಯಲ್ಲೇ, ಇದಕ್ಕೆ ರೂಟ್ ಇರೋದು ಎರಡೇ, ಎರಡೂ ಕಾಂಪ್ಲೆಕ್ಸ್, 1−2i ಆಗಲಿ 3+i ಆಗಲಿ ರೂಟ್ ಅಲ್ಲ, ಅಂದ್ರೆ ಯಾವುದಕ್ಕೂ ಜೋಡಿ ಇಲ್ಲ. ಯಾಕೆ ಅಂದ್ರೆ 4+i ಅನ್ನೋ ಕೋಎಫಿಶಿಯಂಟ್ ರಿಯಲ್ ಅಲ್ಲ. ಈ ಒಂದು ಸಾಲನ್ನ ಲೇಖನದ ಮೊದಲ ಪುಟದಲ್ಲೇ ಹಾಕಿದ್ರೆ ಓದೋ ಹುಡುಗನಿಗೆ ಷರತ್ತು ಯಾಕೆ ಬೇಕು ಅಂತ ತಾನಾಗೇ ಗೊತ್ತಾಗತ್ತೆ, ನೀವು ಎರಡು ಪ್ಯಾರಾ ಬರೆದು ಒಪ್ಪಿಸೋ ಕೆಲಸ ಇರಲ್ಲ.

ಎರಡನೇದು, ನಿಮ್ಮ ಪ್ರೂಫ್. ಕ್ವಾಡ್ರಾಟಿಕ್ ಫಾರ್ಮುಲಾದಲ್ಲಿ ± ಇದೆ, ಅದಕ್ಕೇ ಜೋಡಿ ಬರತ್ತೆ ಅಂತೀರಿ. ಡಿಗ್ರಿ ಎರಡಕ್ಕೆ ಸರಿ, ಅದರ ಮುಂದಿನ ಪ್ಯಾರಾದಲ್ಲೇ "ಹೀಗೇ ನಾಲ್ಕನೇ ಡಿಗ್ರಿಗೂ" ಅಂತ ಹಾರಿಬಿಟ್ಟಿದೀರಿ, ಅಲ್ಲಿ ಆ ಫಾರ್ಮುಲಾ ಎಲ್ಲಿದೆ? ನಿಜವಾದ ಕಾರಣ ಇದಕ್ಕಿಂತ ಸುಲಭ. P(z)=0 ಅಂತಿಟ್ಕೊಳ್ಳಿ. ಈ ಸಾಲಿನಲ್ಲಿ ಇರೋ ಪ್ರತಿ i ಜಾಗದಲ್ಲಿ −i ಹಾಕಿ. ಕೂಡೋದು, ಗುಣಿಸೋದು ಯಾವುದೂ ಕೆಡಲ್ಲ, ಯಾಕಂದ್ರೆ i ಬಗ್ಗೆ ನಾವು ಬಳಸೋ ನಿಯಮ ಒಂದೇ, i²=−1, ಅದು −i ಗೂ ಹಾಗೇ ನಿಲ್ಲತ್ತೆ. ಕೋಎಫಿಶಿಯಂಟ್‌ಗಳಲ್ಲಿ i ಇಲ್ಲ, ಅವು ಇದ್ದ ಹಾಗೇ ಇರ್ತವೆ. ಬಲಗಡೆಯ ಸೊನ್ನೆಯಲ್ಲೂ i ಇಲ್ಲ. ಬದಲಾಗೋದು z ಒಂದೇ, ಅದು ತನ್ನ ಕಾಂಜುಗೇಟ್ ಆಗತ್ತೆ. ಅಂದ್ರೆ ಕಾಂಜುಗೇಟ್ ಹಾಕಿದ್ರೂ ಸೊನ್ನೆಯೇ. ಡಿಗ್ರಿ ನಾಲ್ಕಿರಲಿ ನಲವತ್ತಿರಲಿ ಇಷ್ಟೇ ಸಾಕು, ಮತ್ತೆ "ಕೋಎಫಿಶಿಯಂಟ್ ರಿಯಲ್" ಅನ್ನೋ ಷರತ್ತು ಎಲ್ಲಿ ಕೆಲಸಕ್ಕೆ ಬಂತು ಅನ್ನೋದೂ ಕಣ್ಣಿಗೆ ಬೀಳತ್ತೆ.

ಈಗ ಆ ಲೋಕಲ್ ಟ್ರೈನ್ ಹೋಲಿಕೆಗೆ ಬರ್ತೀನಿ. ಸ್ಲೋ ಅಪ್, ಸ್ಲೋ ಡೌನ್, ಫಾಸ್ಟ್ ಅಪ್, ಫಾಸ್ಟ್ ಡೌನ್ ಅಂತ ನಾಲ್ಕು ಹಳಿ, ಹಾಗೇ ನಾಲ್ಕು ರೂಟ್, ಎರಡು ಜೋಡಿ. ಓದೋಕೆ ಮಜಾ ಇದೆ, ನಮ್ಮ ಸೆಂಟ್ರಲ್ ಲೈನ್ ಓದುಗರಿಗೆ ಇಷ್ಟಾನೂ ಆಗತ್ತೆ. ಆದ್ರೆ ನಿಮ್ಮನ್ನ ದಾರಿ ತಪ್ಪಿಸಿರೋದೂ ಇದೇ ಅಂತ ನನಗೆ ಅನುಮಾನ. ಅಪ್‌ಗೆ ಎದುರು ಡೌನ್, ದಿಕ್ಕು ಪೂರ್ತಿ ಉಲ್ಟಾ, ಅದನ್ನೇ ಹಿಡ್ಕೊಂಡು 1+2i ಗೆ ಜೋಡಿ −1−2i ಅಂತ ಎರಡನೇ ಪುಟದಲ್ಲಿ ಬರೆದಿದೀರಿ. ಕಾಂಜುಗೇಟ್‌ನಲ್ಲಿ ಪೂರ್ತಿ ಉಲ್ಟಾ ಆಗಲ್ಲ, i ಇರೋ ಭಾಗದ ಚಿಹ್ನೆ ಮಾತ್ರ ಬದಲಾಗತ್ತೆ, ರಿಯಲ್ ಭಾಗ ಕದಲಲ್ಲ. ಜೋಡಿ 1−2i.

ತಪ್ಪು ಜೋಡಿ ತಗೊಂಡಿದೀವಿ ಅಂತ ಗೊತ್ತಾಗೋದು ಹೇಗೆ? ಗುಣಿಸಿ ನೋಡಿದ್ರೆ ತಕ್ಷಣ ಗೊತ್ತಾಗತ್ತೆ. (x−1−2i)(x+1+2i) ಅಂದ್ರೆ x² − (1+2i)², ಅಂದ್ರೆ x²+3−4i. ಒಳಗೆ i ಕೂತೇ ಇದೆ. ನೀವು ಅಲ್ಲಿ "ಇದನ್ನು ಸಿಂಪ್ಲಿಫೈ ಮಾಡಿದರೆ i ಹೋಗುತ್ತದೆ" ಅಂತ ಬರೆದು ಮುಂದೆ ಹೋಗಿದೀರಿ. ಹೋಗಲ್ಲ, ಎಷ್ಟು ಸಿಂಪ್ಲಿಫೈ ಮಾಡಿದ್ರೂ ಹೋಗಲ್ಲ. ಸರಿ ಜೋಡಿ ಆದ್ರೆ (x−1)²+4, ಬಿಡಿಸಿದ್ರೆ x²−2x+5, i ಸುಳಿವೇ ಇಲ್ಲ.

ಹಾಗಂತ ನಾಚಿಕೊಳ್ಳಬೇಡಿ, ಇದೇ ಜಾಗದಲ್ಲಿ ಲೈಬ್ನಿಜ್ ಅಂಥ ಲೈಬ್ನಿಜ್ ಎಡವಿದಾನೆ. 1702ರಲ್ಲಿ x⁴+a⁴ ಅನ್ನೋದನ್ನ ಎರಡು ರಿಯಲ್ ಕ್ವಾಡ್ರಾಟಿಕ್‌ಗಳಾಗಿ ಒಡೆಯೋಕಾಗಲ್ಲ ಅಂತ ಬರೆದ. a=1 ಅಂತ ತಗೊಂಡು ನೋಡಿ. ಮೊದಲು (x²−i)(x²+i) ಅಂತ ಒಡೀಬಹುದು, x²−i ರೂಟುಗಳು i ಯ ಎರಡು ವರ್ಗಮೂಲಗಳು, ಒಂದರ ಮುಂದೆ ಪ್ಲಸ್, ಇನ್ನೊಂದರ ಮುಂದೆ ಮೈನಸ್. ನಿಮ್ಮ 1+2i, −1−2i ಥರದ್ದೇ ಜೋಡಿ ಇದು, ಹಾಗಾಗಿ ರಿಯಲ್ ಆಗಲ್ಲ. ಆದ್ರೆ i ಯ ವರ್ಗಮೂಲ (1+i)/√2, ಅದಕ್ಕೆ ನಿಜವಾದ ಜೋಡಿ (1−i)/√2, ಅದು ಇನ್ನೊಂದು ಫ್ಯಾಕ್ಟರ್ ಆದ x²+i ಒಳಗೆ ಕೂತಿದೆ. ಅಲ್ಲಿಂದ ಎತ್ತಿ ಇಲ್ಲಿ ಸೇರಿಸಿದ್ರೆ x²−√2x+1, ಉಳಿದ ಎರಡರಿಂದ x²+√2x+1, ಇವೆರಡರ ಗುಣಲಬ್ಧ x⁴+1. ನಿಮ್ಮ ಮೊದಲ ಪುಟದಲ್ಲಿ ಗಣಿತದ ಹಿರಿಮೆ ಅಂತ ಅರ್ಧ ಪುಟ ಇದೆಯಲ್ಲ, ಅದನ್ನ ಕಿತ್ತಾಕಿ ಈ ಕಥೆ ಹಾಕಿ.

ಮೂರನೇ ಪುಟದ ಲೆಕ್ಕ. ಇಲ್ಲಿ ನೀವು ಜೋಡಿಗಳನ್ನ ಸರಿಯಾಗೇ ತಗೊಂಡಿದೀರಿ (ಬಹುಶಃ ಕ್ಲಾಸಿನ ನೋಟ್ಸ್‌ನಿಂದ ಇಳಿಸಿರಬೇಕು, ಎರಡನೇ ಪುಟಕ್ಕೂ ಇದಕ್ಕೂ ತಾಳೆಯಿಲ್ಲ). 1±2i ಇಂದ x²−2x+5, 3±i ಇಂದ x²−6x+10. ನಡುವಿನ ಸಂಖ್ಯೆ ರಿಯಲ್ ಭಾಗದ ಎರಡರಷ್ಟು, ಮೈನಸ್ ಚಿಹ್ನೆ ಜೊತೆ. ಕೊನೇದು ಎರಡೂ ಭಾಗಗಳ ವರ್ಗಗಳ ಮೊತ್ತ, 1+4 ಮತ್ತೆ 9+1. ಇಲ್ಲೀವರೆಗೆ ಚೆನ್ನ. ಇವೆರಡನ್ನ ಗುಣಿಸಿ x⁴ − 8x³ + 15x² − 50x + 50 ಅಂತ ಉತ್ತರ ಕೊಟ್ಟು, ಕೆಳಗೆ "ತಾಳೆ: ರೂಟುಗಳ ಮೊತ್ತ 8, ಗುಣಲಬ್ಧ 50, ಸರಿಯಾಗಿದೆ" ಅಂತ ಹಾಕಿದೀರಿ. ಸರಿಯಾಗಿಲ್ಲ.

ಮೊತ್ತ ಮತ್ತು ಗುಣಲಬ್ಧದ ತಾಳೆ ಹಿಡಿಯೋದು x³ ಮುಂದಿನ ಸಂಖ್ಯೆ ಮತ್ತೆ ಕೊನೇ ಸಂಖ್ಯೆ, ಎರಡನ್ನೇ. ನಡುವಿನ ಎರಡರಲ್ಲಿ ಏನೇ ಕೆಟ್ಟಿದ್ರೂ ಅದಕ್ಕೆ ಕಾಣಲ್ಲ, ನಿಮ್ಮದು ಕೆಟ್ಟಿರೋದು ಅಲ್ಲೇ. x=1 ಹಾಕಿ ನೋಡಿ. ಫ್ಯಾಕ್ಟರ್‌ಗಳಲ್ಲಿ 1−2+5=4, 1−6+10=5, ಗುಣಿಸಿದ್ರೆ 20. ನಿಮ್ಮ ಉತ್ತರದಲ್ಲಿ 1−8+15−50+50=8. ಹನ್ನೆರಡು ಎಲ್ಲೋ ಬಿದ್ದುಹೋಗಿದೆ. −2x ಮತ್ತು −6x ಗುಣಿಸಿದ್ರೆ 12x², ಅದನ್ನೇ ಬಿಟ್ಟಿದೀರಿ, x² ಗೆ ಬರೀ 10 ಮತ್ತೆ 5 ಕೂಡಿಸಿದೀರಿ. ಸರಿ ಉತ್ತರ x⁴ − 8x³ + 27x² − 50x + 50. ಕ್ಲಾಸಲ್ಲಿ ಹುಡುಗರೂ ಬಿಡೋದು ಹೆಚ್ಚಾಗಿ ಈ ಪದವನ್ನೇ, ನೀವು ಗಮನಿಸಿರ್ತೀರಿ.

x=1 ತಾಳೆಯೂ ಪೂರ್ತಿ ನಂಬೋ ಹಾಗಿಲ್ಲ, ಎರಡು ತಪ್ಪು ಒಂದನ್ನೊಂದು ಹೊಡೆದು ಹಾಕಿದ್ರೆ ದಾಟಿ ಹೋಗತ್ತೆ. ಗಟ್ಟಿ ತಾಳೆ ಬೇಕಂದ್ರೆ ರೂಟನ್ನೇ ಹಾಕಿ, ಆದ್ರೆ (1+2i)⁴ ಅಂತ ಬಿಡಿಸ್ತಾ ಕೂರಬೇಡಿ. z=1+2i ಆದ್ರೆ z²=2z−5 ಅಂತ ಮೊದಲ ಫ್ಯಾಕ್ಟರೇ ಹೇಳತ್ತೆ. ಅದನ್ನೇ z ಇಂದ ಗುಣಿಸ್ತಾ ಹೋದ್ರೆ z³=−z−10, z⁴=−12z+5. ಈಗ ಪಾಲಿನಾಮಿಯಲ್‌ನಲ್ಲಿ ಹಾಕಿ. z ಲೆಕ್ಕ ಒಂದು ಕಡೆ, −12+8+54−50=0. ಬಿಡಿ ಸಂಖ್ಯೆ ಇನ್ನೊಂದು ಕಡೆ, 5+80−135+50=0. ಎರಡೂ ಸೊನ್ನೆ, ಒಂದೂ i ಮುಟ್ಟದೆ ಕೆಲಸ ಮುಗೀತು. 3−i ಗೂ ಹೀಗೇ z²=6z−10 ಇಟ್ಕೊಂಡು ಮಾಡಬಹುದು. ಇದನ್ನ ಲೇಖನದಲ್ಲಿ ಸೇರಿಸಿ, ಪ್ರೂಫ್ ಬಿಟ್ಟರೆ ಓದುಗ ಮನೆಗೆ ತಗೊಂಡು ಹೋಗೋದು ಇದನ್ನೇ.

ಇನ್ನು "ಆ ನಾಲ್ಕನೇ ಡಿಗ್ರಿ ಪಾಲಿನಾಮಿಯಲ್" ಅಂತ ಒಂದೇ ಒಂದಿದೆ ಅನ್ನೋ ಹಾಗೆ ಬರೀತೀರಿ. ಇಡೀದನ್ನ 2 ಇಂದ ಗುಣಿಸಿದ್ರೂ ರೂಟ್ ಅವೇ. x⁴ ಮುಂದೆ 1 ಇರಲಿ ಅಂತ ಹೇಳಿ, ಇಲ್ಲಾಂದ್ರೆ P(1)=40 ಅಂತ ಏನಾದ್ರೂ ಒಂದು ಬೆಲೆ ಕೊಡಿ, ಆಗ 20ರ ಎರಡರಷ್ಟು ಬೇಕು ಅಂತ 2x⁴ − 16x³ + 54x² − 100x + 100 ಬರತ್ತೆ.

ಕೊನೇದು ನಿಮ್ಮ ಅಭ್ಯಾಸದ ಐದನೇ ಪ್ರಶ್ನೆ, ನಿಜವಾಗಿ ತಲೆಕೆಡಿಸಿದ್ದು ಇದು. "2+i ಮತ್ತು 2−i ರೂಟುಗಳಿರುವ ನಾಲ್ಕನೇ ಡಿಗ್ರಿ ಪಾಲಿನಾಮಿಯಲ್ ಕಂಡುಹಿಡಿಯಿರಿ", ಉತ್ತರ (x²−4x+5)². ಇದು ಹೇಗೆ ಉತ್ತರ ಆಯ್ತು? ಕೊಟ್ಟಿರೋ ಎರಡೂ ಒಂದೇ ಜೋಡಿಯವು, ಒಂದು ಕೊಟ್ಟ ಮೇಲೆ ಇನ್ನೊಂದು ಪುಕ್ಕಟೆ ಸಿಗತ್ತೆ, ಹಾಗಾಗಿ ನೀವು ನಿಜವಾಗಿ ಕೊಟ್ಟಿರೋದು ಒಂದೇ ಮಾಹಿತಿ. ಉಳಿದ ಎರಡು ರೂಟ್ ಯಾವ ಎರಡು ರಿಯಲ್ ಸಂಖ್ಯೆ ಬೇಕಾದ್ರೂ ಇರಬಹುದು, ಯಾವ ಕಾಂಜುಗೇಟ್ ಜೋಡಿ ಬೇಕಾದ್ರೂ ಇರಬಹುದು. (x²−4x+5)(x²−1) ಕೂಡ ಸರಿ, (x²−4x+5)(x²+1) ಕೂಡ ಸರಿ, ನಿಮ್ಮದೂ ಸರಿ, ಲೆಕ್ಕವಿಲ್ಲದಷ್ಟು ಸರಿ ಉತ್ತರ. ಎರಡು ರೂಟ್‌ನಿಂದ ನಾಲ್ಕನೇ ಡಿಗ್ರಿ ನಿಗದಿ ಆಗಬೇಕಂದ್ರೆ ಆ ಎರಡು ಬೇರೆ ಬೇರೆ ಜೋಡಿಯಿಂದ ಬಂದಿರಬೇಕು. ಇದಕ್ಕೆ ಬದಲಾಗಿ ಉಲ್ಟಾ ಪ್ರಶ್ನೆ ಕೇಳಿ: 1+2i ಮತ್ತು 3−i ಎರಡೂ ರೂಟ್ ಆಗಿರೋ, ರಿಯಲ್ ಕೋಎಫಿಶಿಯಂಟ್‌ನ ಮೂರನೇ ಡಿಗ್ರಿ ಪಾಲಿನಾಮಿಯಲ್ ಇದೆಯಾ? ಇಲ್ಲ ಅಂತ ಯಾಕೆ ಅನ್ನೋದನ್ನ ಹುಡುಗರು ಎರಡು ಸಾಲಲ್ಲಿ ಬರೀಲಿ.

ಆರು ಪುಟ ನಾಲ್ಕಕ್ಕೆ ಇಳಿಸಿ. ಹಳಿಗಳ ಹೋಲಿಕೆ ಬಿಡೋಕೆ ಮನಸ್ಸಿಲ್ಲ ಅಂದ್ರೆ ಇಟ್ಕೊಳ್ಳಿ, ಆದ್ರೆ ಅಪ್-ಡೌನ್ ಮಾತು ತೆಗೆದು ಬರೀ "ಎರಡು ಜೋಡಿ, ನಾಲ್ಕು ಹಳಿ" ಅಂತ ನಿಲ್ಲಿಸಿ. ಹೊಸ ಪ್ರತಿ ಕಳಿಸುವಾಗ ಫಾರ್ಮುಲಾಗಳನ್ನ ಫೋಟೋ ತೆಗೆದು ಅಂಟಿಸಬೇಡಿ, ಟೈಪ್ ಮಾಡಿ, ಹಿಂದಿನ ಪ್ರತಿಯಲ್ಲಿ 2i ಯಾವುದು 21 ಯಾವುದು ಅಂತ ಗೊತ್ತಾಗದೆ ಡಿಟಿಪಿ ಹುಡುಗ ಎರಡು ಸಲ ನನಗೆ ಫೋನ್ ಮಾಡಿದಾನೆ.