ಕನ್ನಡ ಆವೃತ್ತಿ ಮಾತ್ರ ಕತ್ತರಿಸಿ ಹೋಗುವುದೇಕೆ?

> "ಹಳೆ ವಿದ್ಯಾರ್ಥಿಗಳ ಸುದ್ದಿಪತ್ರ ಕನ್ನಡ, ಇಂಗ್ಲಿಷ್ ಎರಡರಲ್ಲೂ ಒಂದೇ ವಿನ್ಯಾಸದಲ್ಲಿ, ಒಂದೇ ಹೊತ್ತಿಗೆ ಹೋಗುತ್ತೆ. ಕನ್ನಡದ್ದು ಮಾತ್ರ ಜಿಮೇಲ್‌ನಲ್ಲಿ ಅರ್ಧಕ್ಕೇ ನಿಲ್ಲುತ್ತೆ. ಯಾಕೆ?"

ಎಚ್‌ಟಿಎಂಎಲ್ ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಉಳಿದದ್ದನ್ನು ಮುಚ್ಚಿಡುತ್ತೆ. ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದಲ್ಲಿ 'ಕ್ಷೇ' ಒಂದಕ್ಕೇ 12 ಬೈಟ್ ಬೇಕು. ಮೊದಲು ಸೋರ್ಸ್ ತೆಗೆದು ನೋಡಿ. ಕನ್ನಡದ ಜಾಗದಲ್ಲಿ `&#3221;` ಥರದ ಸಾಲುಗಳಿದ್ದರೆ ನಿಮ್ಮ ಎಡಿಟರ್ ಅದನ್ನು ಇನ್ನೂ ಎರಡು ಪಟ್ಟಿಗಿಂತ ಹೆಚ್ಚು ಉಬ್ಬಿಸಿದೆ ಅಂತರ್ಥ, ಯುಟಿಎಫ್-8ಗೆ ಬದಲಿಸಿ.

ಆಮೇಲೂ ದೊಡ್ಡದಾದರೆ ಟೆಂಪ್ಲೇಟನ್ನು ಕನ್ನಡದ ಅಳತೆಗೇ ಕಟ್ಟಿ: ಪ್ರತಿ ಸುದ್ದಿಗೂ ಎರಡು ಸಾಲು, ಪೂರ್ತಿ ಬರಹಕ್ಕೆ ಕೊಂಡಿ. ಇಂಗ್ಲಿಷ್ ತಾನಾಗಿಯೇ ಅದರೊಳಗೆ ಕೂರುತ್ತೆ. ಕತ್ತರಿಸಿದಾಗ ಮರೆಯಾಗುವುದು ಅಡಿಯಲ್ಲಿರುವ ಅನ್‌ಸಬ್‌ಸ್ಕ್ರೈಬ್ ಕೊಂಡಿ, ಆಗ ಜನ ಸ್ಪ್ಯಾಮ್ ಒತ್ತುತ್ತಾರೆ. ಹಾಗಾಗಿ ಕನ್ನಡದ ಪರೀಕ್ಷಾ ಮೇಲ್ ಜಿಮೇಲ್‌ನಲ್ಲಿ ಪೂರ್ತಿ ಕಾಣುವವರೆಗೆ ಎರಡನ್ನೂ ಶೆಡ್ಯೂಲ್ ಮಾಡಬೇಡಿ.