ಮೊದಲ ಕೆಲಸದ ಬಗ್ಗೆ ಭಾಷಣ: ಬಾಂಡ್ ಲೆಕ್ಕ ಹೇಳಿ

"ಪುಣೆಯಲ್ಲಿ ನಮ್ಮ ಕನ್ನಡ ಹುಡುಗರಿಗೆ ಮಾತಾಡಬೇಕು, ಎಲ್ಲರೂ ಫೈನಲ್ ಇಯರ್. ಮೊದಲ ಕೆಲಸ ಪರ್ಫೆಕ್ಟ್ ಆಗಿರಬೇಕಿಲ್ಲ ಅಂತ ಹೇಗೆ ನಂಬಿಸಲಿ?"

ಸರ್, ದೊಡ್ಡವರ ಕಥೆ ಬಿಡಿ, ಹುಡುಗರು ಮೊಬೈಲ್ ತೆಗೀತಾರೆ. ಬೋರ್ಡಿನ ಮೇಲೆ ಎರಡು ಆಫರ್ ಬರೆಯಿರಿ. ಹಿಂಜವಡಿಯ ಒಂದು ಕಂಪನಿ ತಿಂಗಳಿಗೆ 30,000 ಕೊಡುತ್ತದೆ, ಆದರೆ ಎರಡು ವರ್ಷದ ಬಾಂಡ್, ಮಧ್ಯೆ ಬಿಟ್ಟರೆ ಒಂದೂವರೆ ಲಕ್ಷ ಕಟ್ಟಬೇಕು. ಇನ್ನೊಂದರಲ್ಲಿ 25,000, ಬಾಂಡ್ ಇಲ್ಲ, ಒಂದು ತಿಂಗಳ ನೋಟಿಸ್ ಸಾಕು. ಯಾವುದು ಬೇಕು ಅಂತ ಕೇಳಿ. ಜಾಸ್ತಿ ಕೈ ಮೊದಲನೆಯದಕ್ಕೇ ಏಳಬಹುದು.

ಆಮೇಲೆ ಲೆಕ್ಕ ಮಾಡಿಸಿ. ಟೀಮ್ ಹೇಗಿದೆ, ಯಾವ ಪ್ರಾಜೆಕ್ಟ್ ಸಿಗುತ್ತದೆ ಅನ್ನೋದು ಸೇರಿದ ಮೇಲೇ ಗೊತ್ತಾಗೋದು, ಇಂಟರ್‌ವ್ಯೂನಲ್ಲಲ್ಲ. ಎಂಟನೇ ತಿಂಗಳಿಗೆ 'ಇದು ನನಗಲ್ಲ' ಅನ್ನಿಸಿತು ಅನ್ನಿ. ಆವರೆಗೆ ಹೆಚ್ಚಿಗೆ ಸಿಕ್ಕಿದ್ದು 40,000. ಕಟ್ಟಬೇಕಾದ್ದು 1,50,000. ಕೈಯಿಂದ ಹೋಗೋದು 1,10,000! ಕೆಲಸ ಸರಿಹೋದರೆ ಮೊದಲನೆಯದೇ ಲಾಭ, ಅದನ್ನೂ ಮುಚ್ಚಿಡಬೇಡಿ.

ಹಾಗಾಗಿ 'ಯಾವ ಕೆಲಸ ಬೆಸ್ಟ್' ಅನ್ನೋದಕ್ಕಿಂತ 'ಹೊರಬರೋಕೆ ಎಷ್ಟು ಖರ್ಚು' ಅಂತ ಕೇಳೋದು ಕಲಿಸಿ. ಸಹಿಗೆ ಮುಂಚೆ ಬಾಂಡ್ ಮೊತ್ತ, ನೋಟಿಸ್ ಅವಧಿ ಎರಡನ್ನೂ ಈಮೇಲ್‌ನಲ್ಲಿ ಬರೆಸಿಕೊಳ್ಳಲಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ತಾವೇ ಇಟ್ಟುಕೊಳ್ಳುತ್ತೇವೆ ಅನ್ನುವ ಕಡೆ ಸೇರಲೇಬಾರದು.